ಕಟ್ಟೆಯ ವಟರ್ ವಟರ್

ಗೌರಿಯ ಮನೆ ಹಿಂದೆ ಒಂದು ಕಟ್ಟೆ. ಮೊದಲ ಮಳೆ ಬಿದ್ದ ರಾತ್ರಿ ಅಲ್ಲಿ ಒಂದೇ ಗದ್ದಲ. ವಟರ್... ವಟರ್... ಹಳದಿ ಗಂಡು ಕಪ್ಪೆಗಳು ಗಂಟಲು ಉಬ್ಬಿಸಿ ಕೂಗುತ್ತಿದ್ದವು. ಉಬ್ಬಿದ ಚೀಲಗಳೆರಡೂ ಕಡು ನೀಲಿ!

"ಇವತ್ತೂ ನಿದ್ದೆ ಇಲ್ಲ ಕಣೇ," ಅಜ್ಜಿ ಗೊಣಗಿದರು.

ಒಂದು ರಾತ್ರಿ ಪೆಟ್ರೋಮ್ಯಾಕ್ಸ್ ಹಿಡಿದು ಯಾರೋ ಬಂದರು. ಬೆಳಕು ಕಣ್ಣಿಗೆ ಬಿದ್ದರೆ ಕಪ್ಪೆ ಕಲ್ಲಿನ ಹಾಗೆ ಕೂತುಬಿಡುತ್ತದೆ. ಒಂದೊಂದೇ ಗೋಣಿಚೀಲ ಸೇರಿದವು. ಕಪ್ಪೆಯ ಕಾಲು ಹಡಗು ಹತ್ತಿ ವಿದೇಶಕ್ಕೆ ಹೋಗುತ್ತಂತೆ, ಊಟಕ್ಕೆ!

ಅಜ್ಜಿ ಎರಡು ದಿನ ಚೆನ್ನಾಗಿ ನಿದ್ದೆ ಮಾಡಿದರು. ಆಮೇಲೆ ಶುರುವಾಯಿತು ನೋಡಿ.

ಗದ್ದೆಯಲ್ಲಿ ಮಿಡತೆ, ಏಡಿ ಜಾಸ್ತಿಯಾದವು. ತಿನ್ನುವವರೇ ಇಲ್ವಲ್ಲ! ಮುಂದಿನ ಮಳೆಗೆ ಮೊಟ್ಟೆ ಇಡುವವರಿಲ್ಲ, ಗೊದಮೊಟ್ಟೆಯೂ ಇಲ್ಲ. ಅವು ಹಿಡಿದು ತಿನ್ನುತ್ತಿದ್ದ ಸೊಳ್ಳೆಮರಿಗಳೆಲ್ಲ ಬೆಳೆದು ಸೊಳ್ಳೆಗಳಾದವು. ನೀರಿಗೆ ಹೋದ ಗೌರಿ ಸೊಳ್ಳೆ ಹೊಡೆಯಲು ಹೋಗಿ ಜರ್ರನೆ ಜಾರಿ, ಕೊಡದ ಸಮೇತ ಕೂತಳು. ಕೊಕ್ಕರೆ ಬೇರೆ ಕೆರೆಗೆ ಹಾರಿತು. ಹಸಿದ ಕೇರೆಹಾವು ಕೋಳಿಗೂಡಿಗೆ ಇಣುಕಿತು.

"ಮೊಟ್ಟೆ ಹೋಯ್ತಲ್ಲೇ!" ಅಜ್ಜಿ ಕೂಗಿದರು.

1987ರಲ್ಲಿ ಸರ್ಕಾರ ಕಪ್ಪೆ ಕಾಲಿನ ರಫ್ತು ನಿಲ್ಲಿಸಿತು. ದೀಪದವರು ಮತ್ತೆ ಬರಲಿಲ್ಲ. ಕಟ್ಟೆ ಮಾತ್ರ ಸುಮ್ನೆ ಇತ್ತು, ಒಂದು ಮಳೆಗಾಲ, ಇನ್ನೊಂದು ಮಳೆಗಾಲ.

ಮೂರನೆಯದರಲ್ಲಿ, ಕತ್ತಲಲ್ಲಿ ಒಂದೇ ದನಿ. ವಟರ್!

ಗೌರಿ ಎದ್ದು ಕೂತಳು. "ಅಜ್ಜಿ, ನಿದ್ದೆ ಬಂತಾ?"

"ಶ್! ಇನ್ನೊಂದು ಕೂಗುತ್ತಾ ಕೇಳು."