ಈರಣ್ಣನ ಕಿಡ್ನಿ ಕಸಿಗೆ ಹಣ ಕೂಡಿಸುತ್ತಿದ್ದೇವೆ, ಜೊತೆಗೆ ಬನ್ನಿ

ಈರಣ್ಣ ಮತ್ತು ನಾನು ಗುಳೇದಗುಡ್ಡದ ಒಂದೇ ಓಣಿಯವರು. ಅವನದು ನೇಕಾರರ ಮನೆ. ಅಪ್ಪನ ಕಾಲದಿಂದ ಕುಣಿಮಗ್ಗದಲ್ಲಿ ಖಣ ನೇಯುತ್ತಾರೆ. ಅವರ ಮನೆಗೆ ದಿನಾ ಹೋಗಿಬರುವವನು ನಾನು. ಈ ಪುಟದಲ್ಲಿ ಮೇಲೆ ಅವನ ಹೆಂಡತಿ ಸಹಾಯ ಕೇಳಿ ಬರೆದಿರುವುದೆಲ್ಲ ನಿಜ. ಬೇಕಾದರೆ ಯಾರ ಮುಂದೆಯೂ ಹೇಳುತ್ತೇನೆ.

ಅವನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ವಾರಕ್ಕೆ 3 ಸಲ ಬಸ್ ಹತ್ತಿ ಬಾಗಲಕೋಟೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾನೆ. ಪ್ರತಿ ಸಲ ಸುಮಾರು 4 ತಾಸು ಮಲಗಬೇಕು. ಇದಕ್ಕಾಗಿ ಎಡಗೈಯಲ್ಲಿ ಎರಡು ರಕ್ತನಾಳ ಕೂಡಿಸಿ ಫಿಸ್ಟುಲಾ ಮಾಡಿದ್ದಾರೆ. ಅಲ್ಲಿ ಬೆರಳಿಟ್ಟರೆ ಒಳಗೆ ಗುಂಯ್ ಎಂದು ನಡುಗುವುದು ತಿಳಿಯುತ್ತದೆ. ಆ ಕೈಯಿಂದ ಭಾರ ಎತ್ತುವಂತಿಲ್ಲ, ಅದರ ಮೇಲೆ ಒತ್ತಡ ಬೀಳುವಂತಿಲ್ಲ. ನೇಯುವವನ ಕೈ ಅದು. ಹೀಗಾಗಿ ಮಗ್ಗ ನಿಂತಿದೆ, ದುಡಿಮೆಯೂ ನಿಂತಿದೆ.

ಅವನ ಅಕ್ಕ ಕಿಡ್ನಿ ಕೊಡಲು ಮುಂದೆ ಬಂದಿದ್ದಾರೆ. "ನನ್ನ ತಮ್ಮಗ ನಾ ಕೊಡದ ಮತ್ತ ಯಾರ ಕೊಡ್ತಾರ?" ಅಂದರು, ಅಷ್ಟೇ. ಪರೀಕ್ಷೆಗಳಲ್ಲಿ ಹೊಂದಾಣಿಕೆ ಆಗಿದೆ. ಆಪರೇಷನ್ ಬೆಂಗಳೂರಿನಲ್ಲಿ. ಬೇಕಾಗಿರುವುದು 9 ಲಕ್ಷ, ಇವತ್ತಿಗೆ 3,60,000 ರೂಪಾಯಿ ಕೂಡಿದೆ.

"ಸರ್ಕಾರದ ಯೋಜನೆ ಇದೆಯಲ್ಲ?" ಎಂದು ಕೆಲವರು ಕೇಳುತ್ತಿದ್ದೀರಿ. ಕೇಳಬೇಕಾದ ಮಾತೇ. ಅದಕ್ಕೂ ಅರ್ಜಿ ಹಾಕಿದ್ದಾರೆ. ಆದರೆ ಕಸಿ ಆದ ಮೇಲೆ ತಪಾಸಣೆಗೆ ಮೇಲಿಂದ ಮೇಲೆ ಹೋಗಬೇಕು, ಅದಕ್ಕೆ ಕೆಲವು ತಿಂಗಳು ಆಸ್ಪತ್ರೆ ಹತ್ತಿರವೇ ಬಾಡಿಗೆ ಮನೆ ಮಾಡಿ ಇರಬೇಕು. ಹೊಸ ಕಿಡ್ನಿಯನ್ನು ದೇಹ ತಳ್ಳಿಹಾಕದಂತೆ ಜೀವನಪೂರ್ತಿ ಮಾತ್ರೆ ತಗೋಬೇಕು. ಅಕ್ಕನೂ ಚೇತರಿಸಿಕೊಳ್ಳಬೇಕು, ಅವರೂ ಕೂಲಿ ಮಾಡುವವರು. ಆಸ್ಪತ್ರೆ ಕೊಟ್ಟ ಖರ್ಚಿನ ಅಂದಾಜು ಪತ್ರ ಮೇಲೆ ಹಾಕಿದೆ, ಓದಿ ನೋಡಿ.

ಈಗ ನಿಮ್ಮಿಂದ ಒಂದು ಸಹಾಯ ಬೇಕು. ಹಣ ಕೊಟ್ಟವರೂ ಕೊಡಲಾಗದವರೂ ಇದನ್ನು ಮಾಡಬಹುದು.

ಹಂಚುವಾಗ ಸುಮ್ನೆ ಫಾರ್ವರ್ಡ್ ಮಾಡಬೇಡಿ. ವಾಟ್ಸಾಪ್‌ನಲ್ಲಿ ಬಹಳ ಸಲ ಫಾರ್ವರ್ಡ್ ಆದ ಮೆಸೇಜಿಗೆ ಎರಡು ಬಾಣದ ಗುರುತು ಬೀಳುತ್ತದೆ. ಅದನ್ನು ಕಂಡ ಕೂಡಲೇ ಜನ ಓದದೇ ಬಿಟ್ಟುಬಿಡುತ್ತಾರೆ. ಆಮೇಲೆ ಅದನ್ನು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕಳಿಸಲು ಬರುತ್ತದೆ. ಅದರ ಬದಲು ಈ ಪುಟದ ಲಿಂಕ್ ಕಾಪಿ ಮಾಡಿ, ಮೇಲೆ ನಿಮ್ಮದೇ ಎರಡು ಸಾಲು ಬರೆದು, ಹೆಸರು ಹಿಡಿದು ಒಬ್ಬೊಬ್ಬರಿಗೇ ಕಳಿಸಿ. ಹೀಗೆ ಬರೆದರೂ ಸಾಕು: "ಕಾಕಾ, ಗುಳೇದಗುಡ್ಡದ ಖಣ ನೇಯುವ ಹುಡುಗ. ಅಕ್ಕ ಕಿಡ್ನಿ ಕೊಡ್ತಿದ್ದಾರೆ, ಆಪರೇಷನ್‌ಗೆ ರೊಕ್ಕ ಕಡಿಮೆ ಬಿದ್ದಿದೆ. ನಾನು ಕೊಟ್ಟಿದ್ದೇನೆ. ನಿಮಗೆ ಆದರೆ ನೋಡಿ, ಇಲ್ಲಾಂದ್ರೆ ಇನ್ನೊಬ್ಬರಿಗೆ ತಿಳಿಸಿ." ಗೊತ್ತಿದ್ದವರು ಹೆಸರು ಹಿಡಿದು ಕೇಳಿದರೆ ಯಾರೇ ಆಗಲಿ ಒಮ್ಮೆ ತೆರೆದು ನೋಡುತ್ತಾರೆ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಕ್ಯೂಆರ್ ಕೋಡಿನ ಫೋಟೋ ಮಾತ್ರ ಕತ್ತರಿಸಿ ಕಳಿಸಬೇಡಿ. ಇಂಥ ಮನವಿಗಳಲ್ಲಿ ಕೋಡ್ ಬದಲಿಸಿ ತಮ್ಮ ಖಾತೆಗೆ ಹಣ ಹಾಕಿಸಿಕೊಳ್ಳುವವರು ಇದ್ದಾರೆ. ಲಿಂಕ್ ಕಳಿಸಿದರೆ ನೋಡುವವರಿಗೆ ಪತ್ರಗಳೂ ಕಾಣುತ್ತವೆ, ಎಷ್ಟು ಕೂಡಿತು ಅನ್ನೋದೂ ಕಾಣುತ್ತದೆ. ಈರಣ್ಣನ ಹೆಸರು ಹೇಳಿ ಯಾರಾದರೂ ಫೋನ್ ಮಾಡಿ ಒಟಿಪಿ, ಪಿನ್ ಕೇಳಿದರೆ ಕೊಡಬೇಡಿ. ನಮ್ಮ ಕಡೆಯವರು ಯಾರೂ ಕೇಳುವುದಿಲ್ಲ.

ಸ್ಟೇಟಸ್ ಹಾಕುವವರು ಹಾಕಿ. ಅದು 24 ತಾಸಿಗೆ ಹೋಗಿಬಿಡುತ್ತದೆ, ಹಾಗಾಗಿ ಪಗಾರ ಆಗುವ ದಿನಗಳಲ್ಲಿ ಇನ್ನೊಮ್ಮೆ ಹಾಕಿದರೆ ಒಳ್ಳೆಯದು. ಮುಂಬೈ, ಪುಣೆ, ಬೆಂಗಳೂರಿಗೆ ದುಡಿಯಲು ಹೋದ ನಮ್ಮ ಭಾಗದವರ ಗ್ರೂಪುಗಳಿಗೆ ತಪ್ಪದೇ ಮುಟ್ಟಿಸಿ. ಊರಿನ ಹೆಸರು ಮೊದಲ ಸಾಲಿನಲ್ಲೇ ಇರಲಿ. ಸೀರೆ ಅಂಗಡಿಯವರು, ಖಣ ವ್ಯಾಪಾರಿಗಳು ನಿಮಗೆ ಪರಿಚಯ ಇದ್ದರೆ ಅವರ ಹತ್ತಿರ ಬಾಯಿಮಾತಿನಲ್ಲೇ ಹೇಳಿ.

50 ರೂಪಾಯಿ ಕೊಡಲು ಯಾರೂ ನಾಚಬೇಡಿ. ಹಿಂದೆ ಮುಂದೆ ನೋಡುತ್ತಿರುವವರಿಗೆ ಚಿಕ್ಕ ಮೊತ್ತದ ಸಾಲು ಸಾಲು ಹೆಸರು ಕಂಡರೆ ಧೈರ್ಯ ಬರುತ್ತದೆ. ಹೆಸರು ಬೇಡ ಅನ್ನುವವರು ಹೆಸರು ಮುಚ್ಚಿಡುವ ಆಯ್ಕೆ ಒತ್ತಿ ಕೊಡಬಹುದು. ಕೊಡದವರನ್ನು ಮಾತ್ರ ಯಾರೂ ಚುಚ್ಚಬೇಡಿ. ಒಬ್ಬೊಬ್ಬರ ಮನೆಯಲ್ಲೂ ಒಂದೊಂದು ತಾಪತ್ರಯ ಇರುತ್ತದೆ ಅಲ್ವಾ.

ಈರಣ್ಣ ಡಯಾಲಿಸಿಸ್‌ಗೆ ಮಲಗಿದಾಗ ನೀವು ಬರೆದದ್ದನ್ನೆಲ್ಲ ಮೊಬೈಲಿನಲ್ಲಿ ಓದುತ್ತಾನೆ. ಎರಡು ಒಳ್ಳೆಯ ಮಾತು ಬರೆಯಿರಿ. ಏನಾದರೂ ಅನುಮಾನ ಇದ್ದರೆ ಇಲ್ಲೇ ಕೆಳಗೆ ಕೇಳಿ. ದಿನಾ ರಾತ್ರಿ ಕೂತು ಉತ್ತರ ಬರೆಯುತ್ತೇನೆ.