ಶಾಲೆಯ ಕಂಪ್ಯೂಟರ್ ಮತ್ತು ಇಂಟರ್ನೆಟ್ ಬಳಕೆ: ವಿದ್ಯಾರ್ಥಿಗಳಿಗೆ ನಿಯಮಗಳು

ಇದು 6ರಿಂದ 10ನೇ ತರಗತಿಯವರೆಗಿನ ಎಲ್ಲರಿಗೂ ಅನ್ವಯಿಸುತ್ತದೆ. ಓದಿ, ಮನೆಯಲ್ಲಿ ತೋರಿಸಿ, ಪೋಷಕರ ಸಹಿಯೊಂದಿಗೆ ತರಗತಿ ಶಿಕ್ಷಕರಿಗೆ ಕೊಡಿ. ಸಹಿ ಬರುವವರೆಗೆ ಲಾಗಿನ್ ಸಿಗುವುದಿಲ್ಲ.

ಲ್ಯಾಬ್‌ನ ಕಂಪ್ಯೂಟರ್ ಇರುವುದು ಪಾಠ, ಪ್ರಾಜೆಕ್ಟ್ ಮತ್ತು ಹುಡುಕಾಟಕ್ಕೆ. ಶಿಕ್ಷಕರು ಇಲ್ಲದಾಗ ಒಳಗೆ ಹೋಗಬೇಡಿ. ಆಟ, ಸಿನಿಮಾ ಡೌನ್‌ಲೋಡ್, ಸೋಶಿಯಲ್ ಮೀಡಿಯಾ ಇಲ್ಲಿ ಬೇಡ. ತಿಂಡಿ, ನೀರಿನ ಬಾಟಲಿ ಹೊರಗೇ ಇರಲಿ.

ಪಾಸ್‌ವರ್ಡ್ ನಿಮ್ಮೊಬ್ಬರದ್ದೇ. ಆಪ್ತ ಗೆಳೆಯರಿಗೂ ಹೇಳಬೇಡಿ. ನಿಮ್ಮ ಲಾಗಿನ್‌ನಿಂದ ಏನೇ ನಡೆದರೂ ಮೊದಲು ಕೇಳುವುದು ನಿಮ್ಮನ್ನೇ. ಬೆಲ್ ಹೊಡೆದ ತಕ್ಷಣ ಎದ್ದು ಓಡುವವರೇ ಜಾಸ್ತಿ. ಲಾಗ್‌ಔಟ್ ಮಾಡಿ ಏಳಿ. ಹಿಂದಿನವರ ಖಾತೆ ತೆರೆದೇ ಇದ್ದರೆ ಇಣುಕಬೇಡಿ, ಮುಚ್ಚಿಬಿಡಿ.

ಇನ್ನೊಬ್ಬರ ಫೋಟೋ ತಿರುಚುವುದು, ಅಡ್ಡಹೆಸರಿಟ್ಟು ಮೆಸೇಜ್ ಕಳಿಸುವುದು 'ಸುಮ್ನೆ ತಮಾಷೆಗೆ' ಆದರೂ ತಪ್ಪೇ. ಹೆಸರು, ವಿಳಾಸ, ಫೋನ್ ನಂಬರ್ ಯಾವ ಸೈಟ್‌ಗೂ ಕೊಡಬೇಡಿ. ನೆಟ್‌ನಿಂದ ತೆಗೆದುಕೊಂಡದ್ದಕ್ಕೆ ಮೂಲ ಬರೆಯಿರಿ.

ಹುಡುಕುವಾಗ ಕೆಟ್ಟ ಚಿತ್ರವೋ ಬೆದರಿಕೆಯೋ ಕಂಡರೆ ಪರದೆ ಆಫ್ ಮಾಡಿ, ಕೂಡಲೇ ಶಿಕ್ಷಕರಿಗೆ ತಿಳಿಸಿ. ತಾನಾಗಿ ಬಂದದ್ದಕ್ಕೆ ಯಾರೂ ಬೈಯುವುದಿಲ್ಲ. ಆದರೆ ಫಿಲ್ಟರ್ ತಪ್ಪಿಸಲು ಪ್ರಾಕ್ಸಿ ಅಥವಾ ವಿಪಿಎನ್ ಹಾಕುವುದು ಬೇರೆ ಮಾತು.

ಶಾಲೆಯ ನೆಟ್‌ನಲ್ಲಿ ನೀವು ತೆರೆಯುವ ಸೈಟ್‌ಗಳ ದಾಖಲೆ ಉಳಿಯುತ್ತದೆ, ಅಗತ್ಯ ಬಿದ್ದರೆ ನೋಡುತ್ತೇವೆ.

ಮೊದಲ ತಪ್ಪಿಗೆ ಎಚ್ಚರಿಕೆ. ಎರಡನೆಯದಕ್ಕೆ 2 ವಾರ ಲಾಗಿನ್ ಬಂದ್, ಪೋಷಕರಿಗೆ ಪತ್ರ. ಕಿರುಕುಳ, ಬೇಕೆಂದೇ ಮಾಡಿದ ಹಾನಿ ನೇರವಾಗಿ ಮುಖ್ಯ ಶಿಕ್ಷಕರ ಬಳಿ ಹೋಗುತ್ತದೆ. ಲಾಗಿನ್ ಬಂದ್ ಆದವರು ಪ್ರಾಜೆಕ್ಟ್ ಕೆಲಸವನ್ನು ಲೈಬ್ರರಿ ಪುಸ್ತಕಗಳಿಂದ ಮುಗಿಸಬೇಕು.