ಲಾಲ್ ಮಹಲ್, ಶ್ರೀರಂಗಪಟ್ಟಣ: ಆವರಣದ 6 ಫಲಕಗಳ ಬರಹ

ಫಲಕ 1. ಒಳಗೆ ಬರುವ ದಾರಿಯಲ್ಲಿ

ಅರಮನೆ ಎಲ್ಲಿ ಅಂತ ಹುಡುಕುತ್ತಿದ್ದೀರಾ? ನೀವು ಬಂದು ನಿಂತಿರುವುದು ಅಲ್ಲಿಗೇ.

ಕಲ್ಲಿನ ಜಗಲಿ, ಗೋಡೆಯ ಬುಡ, ಹುಲ್ಲು. ಟಿಪ್ಪು ಸುಲ್ತಾನ್ ವಾಸವಿದ್ದ ಲಾಲ್ ಮಹಲ್‌ನಲ್ಲಿ ಈಗ ಉಳಿದಿರುವುದು ಇಷ್ಟು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಅಂದೇ ಸತ್ತರು. ಅರಮನೆ ಮಾತ್ರ ಅಂದು ಬೀಳಲಿಲ್ಲ. ಮೊದಲು ಸೈನಿಕರ ಬಿಡಾರವಾಯಿತು. ಆಮೇಲೆ ಬ್ರಿಟಿಷರು ಅದನ್ನು ಕೆಡವಿಸಿದರು.

ಇಲ್ಲದ ಭಾಗವನ್ನು ತೋರಿಸಲು ಮುಂದಿನ ಫಲಕಗಳಲ್ಲಿ ಚಿತ್ರ ಬರೆಸಿದ್ದೇವೆ. ನೋಡುವ ಮೊದಲು ಒಂದು ಮಾತು. ಅರಮನೆ ಅಂದ ಕೂಡಲೇ ಮೈಸೂರಿನ ಗುಮ್ಮಟ, ದೀಪ ಕಣ್ಣಮುಂದೆ ಬರುತ್ತವೆ ಅಲ್ವಾ? ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಆ ಅರಮನೆ ಕಟ್ಟಿ ಮುಗಿದದ್ದು 1912ರಲ್ಲಿ. ಇಲ್ಲಿನದು ಬೇರೆಯೇ ಥರದ ಕಟ್ಟಡ.

ಫಲಕ 2. ಚಿತ್ರ ಓದುವುದು ಹೇಗೆ

ಎಲ್ಲ ಚಿತ್ರಗಳಲ್ಲೂ ಮೂರು ಥರದ ಗೆರೆ ಇದೆ.

ದಪ್ಪ ಕಪ್ಪು ಗೆರೆ: ನೆಲದ ಮೇಲೆ ಇವತ್ತೂ ಇರುವುದು. ಬೇಕಾದರೆ ಎದುರಿನ ಕಲ್ಲಿಗೆ ಹೋಲಿಸಿ ನೋಡಿ.

ಕಂದು ಗೆರೆ: ಕಲ್ಲು ಹೋಗಿದೆ, ಬರಹ ಉಳಿದಿದೆ. ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1800ರಲ್ಲಿ ಇಲ್ಲಿಗೆ ಬಂದು, ಅರಮನೆ ಹೇಗಿತ್ತೆಂದು ಬರೆದಿಟ್ಟರು. ಅದು 1807ರಲ್ಲಿ ಅಚ್ಚಾಯಿತು.

ಚುಕ್ಕಿ ಗೆರೆ: ನಮ್ಮ ಊಹೆ. ಇದೇ ಊರಿನ ದರಿಯಾ ದೌಲತ್ ಇನ್ನೂ ನಿಂತಿದೆ. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ. ಅದರ ತೇಗದ ಕಂಬ, ಕಮಾನು ನೋಡಿ ಇಲ್ಲಿನ ಕಂಬ ಬರೆದಿದ್ದೇವೆ. ಅಣ್ಣನ ಮುಖ ನೋಡಿ ತಮ್ಮನ ಚಿತ್ರ ಬರೆದ ಹಾಗೆ. ಹೋಲಿಕೆ ಇರಬಹುದು, ಮೂಗು ತಪ್ಪಿರಲೂಬಹುದು.

ಗೋಡೆಗೆ ಬಣ್ಣ ಹಚ್ಚಿಲ್ಲ. ಹೆಸರಿನಲ್ಲಿ ‘ಲಾಲ್’ ಇದೆ ಅಂತ ಸುಮ್ನೆ ಕೆಂಪು ಬಳಿದರೆ, ನೋಡಿದವರು ಅದನ್ನೇ ನಿಜ ಅಂದುಕೊಂಡು ಮನೆಗೆ ಹೋಗುತ್ತಾರೆ.

ಫಲಕ 3. ಮುಂಭಾಗ

*ಚಿತ್ರ: ಎತ್ತರದ ಗೋಡೆ, ಮುಂದೆ ಸೇರಿದ ಜನ, ಮೇಲೆ ಚುಕ್ಕಿ ಗೆರೆಯ ಪಡಸಾಲೆ.*

ಸುತ್ತ ಕಲ್ಲು ಮಣ್ಣಿನ ದಪ್ಪ ಗೋಡೆ. ಹೊರಗಿನಿಂದ ನೋಡಿದರೆ ತೀರಾ ಸಾಧಾರಣ ಕಟ್ಟಡ ಎಂದು ಬುಕನನ್ ಬರೆದಿದ್ದಾರೆ. ಒಳಗೆ ಕೆಲವು ಕೋಣೆಗಳು ಚೆನ್ನಾಗಿದ್ದವು ಅಂತಲೂ ಹೇಳಿದ್ದಾರೆ. ಈ ಮುಂಭಾಗ ಕಂದಾಯದ ಕಚೇರಿಯಾಗಿತ್ತು. ಸುಲ್ತಾನರು ಆಗಾಗ ಜನರಿಗೆ ಮುಖ ತೋರಿಸುತ್ತಿದ್ದದ್ದೂ ಇಲ್ಲಿಂದಲೇ.

ಹಾಗಿದ್ದರೆ ಆ ಜಾಗ ನೆಲಕ್ಕಿಂತ ಎತ್ತರದಲ್ಲಿ ಇದ್ದಿರಬೇಕು ಎಂದು ಲೆಕ್ಕ ಹಾಕಿ ಮೇಲಿನ ಪಡಸಾಲೆ ಬರೆದಿದ್ದೇವೆ. ಕಂಬ ಆರು ಇರುವುದು ಕಾಗದದ ಅಳತೆಗೆ ಸರಿಹೋಯಿತು ಅಂತ. ದಯವಿಟ್ಟು ಎಣಿಸಿ ಬರೆದುಕೊಳ್ಳಬೇಡಿ.

ಫಲಕ 4. ಹುಲಿಗಳ ಓಣಿ

*ಚಿತ್ರ: ಇಕ್ಕಟ್ಟಾದ ದಾರಿ, ಸರಪಳಿ ಹಾಕಿದ ನಾಲ್ಕು ಹುಲಿ.*

ಮಕ್ಕಳು ಮೊದಲು ಓಡಿ ಬರುವುದು ಈ ಫಲಕಕ್ಕೆ ಅಂತ ಗೊತ್ತು. ಹೌದು, ಹುಲಿಗಳು ಇದ್ದವು. ಮುಂಭಾಗದಿಂದ ಸುಲ್ತಾನರ ಖಾಸಗಿ ಮನೆಗೆ ಹೋಗಲು ಒಂದು ಗಟ್ಟಿಮುಟ್ಟಾದ ಇಕ್ಕಟ್ಟು ದಾರಿ. ಅದರಲ್ಲಿ ನಾಲ್ಕು ಹುಲಿಗಳನ್ನು ಸರಪಳಿಯಲ್ಲಿ ಕಟ್ಟಿದ್ದರು.

ಬುಕನನ್ ಬಂದದ್ದು ಟಿಪ್ಪು ಸತ್ತ ಒಂದು ವರ್ಷಕ್ಕೆ. ಹಾಗಾಗಿ ಹುಲಿಗಳ ವಿಷಯ ಅವರು ಕೇಳಿ ತಿಳಿದು ಬರೆದದ್ದು. ನಾಲ್ಕು ಎಂಬ ಲೆಕ್ಕ ಅವರದು. ಎಡಕ್ಕೆ ಎರಡು, ಬಲಕ್ಕೆ ಎರಡು ಕೂರಿಸಿದ್ದು ನಮ್ಮ ಚಿತ್ರಕಾರರು.

ಇನ್ನೊಂದು ಮಾತು. ಆ ಓಣಿ ಸರಿಯಾಗಿ ಈ ಫಲಕದ ಜಾಗದಲ್ಲೇ ಇತ್ತು ಎಂದು ತಿಳಿಯಬೇಡಿ. ಬರಹದಲ್ಲಿ ಅಳತೆ, ದಿಕ್ಕು ಇಲ್ಲ. ಓಡಾಡಲು ಜಾಗ ಇದೆ, ಸ್ವಲ್ಪ ನೆರಳಿದೆ, ಅದಕ್ಕೆ ಇಲ್ಲಿ ನೆಟ್ಟಿದ್ದೇವೆ.

ಫಲಕ 5. ಸುಲ್ತಾನರ ಮಲಗುವ ಕೋಣೆ

*ಚಿತ್ರ: ನಾಲ್ಕು ಕಡೆ ಕಟ್ಟಡ, ನಡುವೆ ಬಯಲು. ಬಲಗಡೆ ಮಲಗುವ ಕೋಣೆಯನ್ನು ಸೀಳಿ ತೋರಿಸಿದ ನೋಟ.*

ಈ ಭಾಗದ ಹಳ್ಳಿಗಳ ತೊಟ್ಟಿ ಮನೆ ನೋಡಿದ್ದೀರಲ್ಲ, ನಡುವೆ ಬಯಲು, ಸುತ್ತ ಕೋಣೆ? ಖಾಸಗಿ ಭಾಗವನ್ನು ಹಾಗೆ ಊಹಿಸಿಕೊಳ್ಳಿ, ಅದಕ್ಕಿಂತ ಎಷ್ಟೋ ದೊಡ್ಡದಾಗಿ. ಒಂದು ಪಕ್ಕದಲ್ಲಿ ಟಿಪ್ಪು ಇರುತ್ತಿದ್ದರು. ಉಳಿದ ಮೂರು ಪಕ್ಕ ಏನು ಗೊತ್ತಾ? ಉಗ್ರಾಣ. ಅವರು ದೊರೆಯಷ್ಟೇ ಅಲ್ಲ, ವ್ಯಾಪಾರಿಯೂ ಆಗಿದ್ದರು. ಸರಕು ತುಂಬಿತ್ತು.

ಇರುವ ಪಕ್ಕದಲ್ಲಿ ಮೊದಲು ಒಂದು ಹಜಾರ. ಅಲ್ಲಿ ಕೂತು ಬರೆಯುತ್ತಿದ್ದರು. ಮಂತ್ರಿ ಮೀರ್ ಸಾದಿಕ್ ಬಿಟ್ಟರೆ ಬಹಳ ಕಡಿಮೆ ಜನಕ್ಕೆ ಒಳಗೆ ಬಿಡುತ್ತಿದ್ದರಂತೆ. ಅದರ ಹಿಂದೆಯೇ ಮಲಗುವ ಕೋಣೆ. ಹಜಾರದ ಕಡೆಗೆ ಒಂದು ಬಾಗಿಲು, ಎರಡು ಕಿಟಕಿ. ಉಳಿದ ಮೂರು ಕಡೆ ಬರೀ ಗೋಡೆ. ಬಾಗಿಲಿಗೆ ಒಳಗಿನಿಂದ ಭದ್ರ, ಕಿಟಕಿಗೆ ಒತ್ತಾದ ಕಬ್ಬಿಣದ ಜಾಲರಿ.

ಮಂಚ ಇಲ್ಲ. ಸೂರಿನಿಂದ ಸರಪಳಿಯಲ್ಲಿ ಇಳಿಬಿಟ್ಟ ತೂಗುಹಾಸಿಗೆಯಲ್ಲಿ ಮಲಗುತ್ತಿದ್ದರು. ಅದನ್ನು ತೂಗುಹಾಕಿದ ಜಾಗ ನೋಡಿ: ಕಿಟಕಿಯಲ್ಲಿ ಇಣುಕಿದವರಿಗೆ ಮಲಗಿದವರು ಕಾಣಬಾರದು. ಯಾರಾದರೂ ಹೊರಗಿನಿಂದ ಗುಂಡು ಹೊಡೆದಾರು ಎಂಬ ಎಚ್ಚರ. ಅದರೊಳಗೆ ಒಂದು ಕತ್ತಿ, ಗುಂಡು ತುಂಬಿದ ಎರಡು ಪಿಸ್ತೂಲು ಸಿಕ್ಕವು.

ಈ ಚಿತ್ರವನ್ನು ಎರಡು ಸಲ ತಿದ್ದಿದ್ದೇವೆ. ಮೊದಲ ಸಲ ತೂಗುಹಾಸಿಗೆ ಕೋಣೆಯ ನಡುವೆ, ಎರಡು ಕಿಟಕಿಗಳ ಎದುರಿಗೇ ಬಂದಿತ್ತು. ನೋಡಲು ಚೆಂದವಿತ್ತು, ಆದರೆ ಬರಹಕ್ಕೆ ಪೂರ್ತಿ ಉಲ್ಟಾ. ಈಗ ಗೋಡೆಯ ಮರೆಗೆ ಸರಿಸಿದ್ದೇವೆ. ಯಾವ ಮೂಲೆ ಎಂಬುದು ಊಹೆ, ಅದಕ್ಕೇ ಚುಕ್ಕಿ ಗೆರೆ. ಸರಪಳಿ ಮಾತ್ರ ಕಂದು.

ಸಿಂಹಾಸನ ಯಾಕಿಲ್ಲ ಎಂದು ತುಂಬಾ ಜನ ಕೇಳುತ್ತಾರೆ. ಅದನ್ನು 1799ರಲ್ಲೇ ತುಂಡು ಮಾಡಿ ಹಂಚಿಕೊಂಡರು. ಚಿನ್ನದ ಹುಲಿ ತಲೆ ಈಗ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ಇಲ್ಲಿ ಯಾವ ಕೋಣೆಯಲ್ಲಿ ಇಟ್ಟರೂ ಅದು ನಾವೇ ಕಟ್ಟಿದ ಕಥೆಯಾಗುತ್ತಿತ್ತು. ಅದಕ್ಕೆ ಬರೆಯಲಿಲ್ಲ.

ಫಲಕ 6. ಮರ ಎಲ್ಲಿ ಹೋಯಿತು

*ಚಿತ್ರ: ಕಲ್ಲಿನ ಪೀಠದ ಮೇಲೆ ಮರದ ಕಂಬ, ಅದರ ಮೇಲೆ ಬೋದಿಗೆ, ತೊಲೆ, ಜಂತೆ. ಪೀಠ ಬಿಟ್ಟು ಉಳಿದದ್ದೆಲ್ಲ ಚುಕ್ಕಿ ಗೆರೆ.*

ಮರದ ಕಂಬವನ್ನು ನೇರವಾಗಿ ಮಣ್ಣಿಗೆ ನೆಡುತ್ತಿರಲಿಲ್ಲ, ಗೆದ್ದಲು ತಿನ್ನುತ್ತದೆ. ಕೆಳಗೆ ಕಲ್ಲಿನ ಪೀಠ ಕೊಡುತ್ತಿದ್ದರು. ಕಟ್ಟಡ ಬಿಚ್ಚಿದಾಗ ಮರಕ್ಕೆ ಬೆಲೆ ಇತ್ತು, ಹೋಯಿತು. ಕಲ್ಲು ಹೊರುವುದು ಕಷ್ಟ, ಬುಡ ಉಳಿಯಿತು.

ಇಲ್ಲಿನ ತೊಲೆ, ಮರಮಟ್ಟು ಊಟಿಗೆ ಹೋದವು. ಅಲ್ಲಿನ ಸೇಂಟ್ ಸ್ಟೀಫನ್ಸ್ ಚರ್ಚ್ ಕಟ್ಟಲು ಬಳಸಿದರು. 1829ರಲ್ಲಿ ಅಡಿಗಲ್ಲು, 1831ರಲ್ಲಿ ಪೂಜೆಗೆ ತೆರೆಯಿತು. ಆಗ ರೈಲಿಲ್ಲ. ಅಷ್ಟು ಭಾರವನ್ನು ಘಟ್ಟ ಹತ್ತಿಸಿದ್ದಾರೆ!

ಮುಂದಿನ ಸಲ ಊಟಿಗೆ ಹೋದಾಗ ಆ ಚರ್ಚಿನೊಳಗೆ ತಲೆ ಎತ್ತಿ ನೋಡಿ. ನಮ್ಮ ಚಿತ್ರದ ತೊಲೆ ಚಪ್ಪಟೆ ಸೂರು ಹೊತ್ತಿದೆ, ಅಲ್ಲಿನದು ಚರ್ಚಿನ ಸೂರು ಹೊತ್ತಿದೆ. ಆದ್ದರಿಂದ ಅಲ್ಲಿ ಕಂಡ ಜೋಡಣೆಯೇ ಇಲ್ಲೂ ಇತ್ತು ಅನ್ನಲಾಗದು. ಮರ ಒಂದೇ, ಮನೆ ಬೇರೆ.

ಜಗಲಿಯ ಕಲ್ಲು ಹತ್ತಬೇಡಿ, ಅಂಚು ಸಡಿಲವಾಗಿದೆ. ಇಳಿಯುವ ದಾರಿ ಎಡಗಡೆ.